ಮೀಟರ್ 11 ತೋರಿಸಿತು, ಕಾಫಿ ಮಾತ್ರ ಹೋಗಿತ್ತು

ಪ್ರಶ್ನೆ: ಹುರಿಯದ ಕಾಫಿ ಬೀಜದ ತೇವಾಂಶ ಶೇ. 11 ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡಲ್ಲ ಅಂತ ಗೋಣಿಗೆ ಹಾಕಿಡೋಣ ಅಂತಿದ್ದೀನಿ. ಎರಡು ವರ್ಷ ಇಡಬಹುದಾ?

ಬೇಡ. ಇದೇ ಕೆಲಸ ಮಾಡಿ ನಾನು ಕೈ ಸುಟ್ಟುಕೊಂಡಿದ್ದೇನೆ.

ನನಗೆ 60 ಕೆಜಿಯ ಇಪ್ಪತ್ತು ಮೂಟೆ ಬಂದಿತ್ತು. ಹೊರಗೆ ಗೋಣಿ, ಒಳಗೆ ಗಾಳಿ ಆಡದ ದಪ್ಪ ಪ್ಲಾಸ್ಟಿಕ್ ಚೀಲ. ಹಡಗಿನಲ್ಲಿ ಬರುವಾಗ ಕಾಪಾಡಿದ್ದೇ ಆ ಚೀಲ. ಸೆಕೆಯ ಊರಿನಿಂದ ಹೊರಟ ಕಂಟೇನರ್ ತಣ್ಣನೆ ಕಡಲಿಗೆ ಬಂದಾಗ ಬೀಜದಿಂದ ಹೊರಟ ಆವಿ ತಗಡಿನ ಚಾವಣಿಗೆ ತಾಗಿ ನೀರಾಗುತ್ತದೆ, ಆಮೇಲೆ ಮೇಲಿನ ಮೂಟೆಗಳ ಮೇಲೆ ಮಳೆಯ ಹಾಗೆ ತೊಟ್ಟಿಕ್ಕುತ್ತದೆ. ಚಾವಣಿಗೆ ದಪ್ಪ ಕಾಗದ ಹೊದಿಸುವುದೂ ಅದಕ್ಕೇ.

ಮೂಟೆಗಳು ಒಣಗಿಯೇ ಬಂದವು. ಮೀಟರ್ ಇಟ್ಟೆ, 11. ಸರಿ, ಬೀಜ ಉಸಿರಾಡಲಿ ಅಂತ ಹತ್ತೊಂಬತ್ತು ಮೂಟೆಯ ಒಳಚೀಲ ಕಿತ್ತು ಬರೀ ಗೋಣಿಗೆ ಸುರಿದೆ. ಒಂದು ಮೂಟೆ ಮೂಲೆಯಲ್ಲಿತ್ತು, ಸೋಮಾರಿತನಕ್ಕೆ ಬಿಟ್ಟೆ.

ಎಂಟು ತಿಂಗಳ ನಂತರ ಮತ್ತೆ ಅಳೆದೆ. ಗೋಣಿಯದ್ದು 11, ಒಳಚೀಲದ್ದೂ 11! ಆದರೆ ಗೋಣಿಯ ಬೀಜ ಬೆಳ್ಳಗೆ ಬಿಳಿಚಿಕೊಂಡಿತ್ತು, ಅಂಚುಗಳಂತೂ ಜಾಸ್ತಿ. ಹುರಿದು ಕುಡಿದರೆ ಒದ್ದೆ ರಟ್ಟು ಮತ್ತು ಗೋಣಿಯ ವಾಸನೆ, ಹುಳಿ ಅನ್ನುವುದೇ ಇಲ್ಲ. ಮೂಲೆಯ ಮೂಟೆ ಇನ್ನೂ ಹಸಿರಾಗಿತ್ತು.

ಅಳೆದ ದಿನ ಮೀಟರ್ ಎಷ್ಟು ತೋರಿಸುತ್ತದೆ ಅನ್ನುವುದಷ್ಟೇ ಮುಖ್ಯವಲ್ಲ. ಗೋಣಿ ಗಾಳಿಯನ್ನು ತಡೆಯುವುದಿಲ್ಲ. ಒಣಹವೆಯಲ್ಲಿ ಬೀಜ ನೀರು ಬಿಡುತ್ತದೆ, ಮಳೆಗಾಲದಲ್ಲಿ ಮತ್ತೆ ಹೀರುತ್ತದೆ, ಕೊನೆಗೆ ಸುತ್ತಿ ಬಂದು ಮತ್ತೆ 11ಕ್ಕೇ ನಿಲ್ಲಬಹುದು. ಆದರೆ ಅದು ಬೀಜ, ಮೊಳಕೆ ಬರುವ ಜೀವ. ತೇವ, ಸೆಕೆ ಏರಿದಾಗಲೆಲ್ಲ ಅದು ತನ್ನ ಸಕ್ಕರೆಯನ್ನೇ ಖರ್ಚು ಮಾಡುತ್ತದೆ. ಒಳಗಿನ ಕೊಬ್ಬು ಒಡೆದು ಗಾಳಿಗೆ ಕೆಡುತ್ತದೆ. ಆ ಜೀವ ಹೋದ ಮೇಲೆ ಒಣಗಿಸಿ 11ಕ್ಕೆ ತಂದರೂ ರುಚಿ ವಾಪಸ್ ಬರುವುದಿಲ್ಲ. ಉಸಿರಾಡಲಿ ಅಂತ ನಾನು ಬಿಚ್ಚಿದ್ದೆನಲ್ಲ, ಉಸಿರಾಡದೆ ಸುಮ್ನೆ ಮಲಗಿದ್ದರೇ ಅದು ಬದುಕುತ್ತಿತ್ತು.

ಹಾಗಂತ ಪ್ಲಾಸ್ಟಿಕ್ ಪವಾಡ ಅಲ್ಲ. ಶೇ. 13 ತೇವ ಇರುವ ಬೀಜವನ್ನು ಬಿಗಿದರೆ ಒಳಗೇ ಬೂಷ್ಟು ಹಿಡಿಯಬಹುದು. 10ರಿಂದ 12ರೊಳಗೆ ಇದ್ದರೆ ಮಾತ್ರ ಮುಚ್ಚಿ. ಮೂಟೆಗಳನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ, ಮರದ ಹಲಗೆ ಮೇಲಿಡಿ, ತಗಡಿನ ಚಾವಣಿ ಕೆಳಗೆ ಮಾತ್ರ ಬೇಡ. ತೆಗೆದಾಗಲೆಲ್ಲ ಚೀಲದ ಬಾಯಿ ತಿರುಚಿ ಬಿಗಿಯಾಗಿ ಕಟ್ಟಿ.

ಎರಡು ವರ್ಷದ ಆಸೆ ಬಿಡಿ. ಒಂದು ವರ್ಷದೊಳಗೆ ಮುಗಿಯುವಷ್ಟೇ ತನ್ನಿ. ಬಂದ ದಿನವೇ ಅರ್ಧ ಕೆಜಿ ಗಾಳಿ ತೆಗೆದು ಮುಚ್ಚಿ ಫ್ರೀಜರ್‌ಗೆ ಹಾಕಿ, ಮೂರು ತಿಂಗಳಿಗೊಮ್ಮೆ ಅದರದ್ದೂ ಗೋದಾಮಿನದ್ದೂ ಸ್ವಲ್ಪ ಹುರಿದು ಪಕ್ಕಪಕ್ಕ ಕುಡಿದು ನೋಡಿ. ಬಣ್ಣ ಹೋಗುವ ಮೊದಲೇ ಹುಳಿ ಮಂಕಾಗಿರುತ್ತದೆ, ನಾಲಿಗೆಗೆ ಗೊತ್ತಾಗುತ್ತದೆ.