ಆರಭಿ, ದೇವಗಾಂಧಾರಿ: ಸ್ವರ ಒಂದೇ, ನಡೆ ಬೇರೆ

«ಕರ್ನಾಟಕ ಸಂಗೀತದ ಆರಭಿ, ದೇವಗಾಂಧಾರಿ ರಾಗಗಳೆರಡಕ್ಕೂ ಪುಸ್ತಕದಲ್ಲಿ ಒಂದೇ ಆರೋಹಣ-ಅವರೋಹಣ ಕೊಟ್ಟಿದ್ದಾರೆ. ನಾನು ಹಾಡಿದರೆ ಎರಡೂ ಒಂದೇ ಥರ ಕೇಳಿಸುತ್ತೆ. ವ್ಯತ್ಯಾಸ ಎಲ್ಲಿದೆ?»

ನೀವು ಬರೀ ಸ್ವರಪಟ್ಟಿ ಹಾಡುತ್ತಿದ್ದೀರಿ, ಅದಕ್ಕೇ ಹಾಗೆ ಕೇಳಿಸುತ್ತಿದೆ. ಹತ್ತುವಾಗ ಸ ರಿ ಮ ಪ ದ ಸ, ಇಳಿಯುವಾಗ ಸ ನಿ ದ ಪ ಮ ಗ ರಿ ಸ. ಎರಡೂ 29ನೇ ಮೇಳ ಧೀರಶಂಕರಾಭರಣದ ಜನ್ಯ. ಯಾವ ಸ್ವರ ಬರಬಹುದು ಅಂತಷ್ಟೇ ಪಟ್ಟಿ ಹೇಳುತ್ತದೆ. ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು, ಎಷ್ಟು ತೂಗಬೇಕು ಎನ್ನುವುದು ಅದರಲ್ಲಿಲ್ಲ. ರಾಗ ಇರುವುದೇ ಅಲ್ಲಿ.

ಮ ಗ ರಿ ಎಂಬ ಮೂರೇ ಸ್ವರ ತೆಗೆದುಕೊಳ್ಳಿ. ಆರಭಿಯಲ್ಲಿ ಗಾಂಧಾರ ಮಧ್ಯಮಕ್ಕೆ ಒರಗಿಕೊಂಡಂತೆ ಚುಟುಕಾಗಿ ಬಂದು ಹೋಗಬೇಕು, ಕೂಡಲೇ ರಿಷಭಕ್ಕೆ ಇಳಿಯಬೇಕು. ನಿಷಾದಕ್ಕೂ ಇದೇ ನಿಯಮ, ಅದು ಷಡ್ಜಕ್ಕೆ ಅಂಟಿಕೊಂಡಿರುತ್ತದೆ. ಗಮಕ ಕಡಿಮೆ, ನಡೆ ಚುರುಕು. ವೀರರಸ ಹುಟ್ಟುವುದು ಈ ನೇರತನದಿಂದಲೇ. ಗಾಂಧಾರವನ್ನು ಎಳೆದು ನಿಂತಿರೋ, ಆರಭಿ ಅಲ್ಲಿಗೇ ಕೆಟ್ಟಿತು.

ದೇವಗಾಂಧಾರಿಗೆ ವಿಳಂಬವೇ ಜೀವ. ರಿಷಭವನ್ನು ದೀರ್ಘವಾಗಿ ತೂಗಿ, ಸ ರಿ ಗ ರಿ ಎಂದು ಗಾಂಧಾರಕ್ಕೆ ಹೋಗಿ ಬನ್ನಿ. ಹತ್ತುವಾಗ ಗಾಂಧಾರ ಪಟ್ಟಿಯಲ್ಲಿ ಇಲ್ಲದಿದ್ದರೂ ಪ್ರಯೋಗದಲ್ಲಿ ಉಂಟು. ಭಾವ ಆರ್ತವಾಗುತ್ತದೆ.

ಆದರೆ ಆರಭಿಯನ್ನೇ ನಿಧಾನ ಮಾಡಿದರೆ ದೇವಗಾಂಧಾರಿ ಆಗುವುದಿಲ್ಲ, ಸಪ್ಪೆ ಆರಭಿ ಆಗುತ್ತದೆ. ತೂಗುವ ಸ್ವರಗಳೇ ಬದಲಾಗಬೇಕು. ಎರಡರಲ್ಲೂ ಒಂದೊಂದು ಕೀರ್ತನೆ ಪಾಠ ಮಾಡಿಕೊಂಡು, ಸಾಹಿತ್ಯ ಬಿಟ್ಟು ಅದೇ ಸಂಗತಿಗಳನ್ನು ಅಕಾರದಲ್ಲಿ ಹಾಡಿ ನೋಡಿ. ಬೆರೆತರೆ ಮೊದಲು ಗಾಂಧಾರದಲ್ಲೇ ಸಿಕ್ಕಿಬೀಳುತ್ತೀರಿ.