ಮಣಿಕಟ್ಟಿನ ಹತ್ತಿರ ಮುಂಗೈ ಮುರುಟುವುದು: ಟ್ವಿಸ್ಟ್ ಬೋನನ್ನು ಚೈನಿನ ಒಳಗೆ ಹಾಕಬೇಡಿ

"ಕೊಡಗಿನ ಬೊಳಕಾಟ್ ಕುಣಿಯುವ ಕ್ಯಾರೆಕ್ಟರ್ ಮಾಡ್ತಿದ್ದೇನೆ, ಬ್ಲೆಂಡರಿನಲ್ಲಿ. ಚವರಿ ಬೀಸುವಾಗ ಕೈ ತಿರುಗಿಸಿದರೆ ಮಣಿಕಟ್ಟಿನ ಹತ್ತಿರ ಚಾಕೊಲೇಟ್ ಕಾಗದದ ತರ ಹಿಂಡಿಹೋಗುತ್ತೆ. ಮುಂಗೈಗೂ ಹಸ್ತಕ್ಕೂ ನಡುವೆ ಒಂದು ಟ್ವಿಸ್ಟ್ ಬೋನ್ ಸೇರಿಸಿ, ಹಸ್ತದಿಂದ ಕಾಪಿ ರೊಟೇಷನ್ ಕೊಟ್ಟೆ. ಈಗ ಕೈ ನಡುಗುತ್ತೆ, ಡಿಪೆಂಡೆನ್ಸಿ ಸೈಕಲ್ ಅಂತ ಬರ್ತಿದೆ. ಏನು ಮಾಡಲಿ?"

ಆ ಬೋನನ್ನು ಮೊದಲು ಚೈನಿನಿಂದ ಹೊರಗೆ ತೆಗೀರಿ. ಇದೇ ಜೋಡಣೆ ನಾನೂ ಮಾಡಿ ಒದ್ದಾಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ನಿಮ್ಮ ರಿಗ್‌ನಲ್ಲಿ ಹಸ್ತ ಟ್ವಿಸ್ಟ್ ಬೋನಿನ ಮಗು, ಟ್ವಿಸ್ಟ್ ಬೋನ್ ನೋಡ್ತಿರೋದು ಹಸ್ತವನ್ನ. ಒಂದು ಇನ್ನೊಂದಕ್ಕೆ ಕಾಯ್ತಾ ಕೂತರೆ ನಡುಗದೆ ಇನ್ನೇನು ಮಾಡುತ್ತೆ? ಇನ್‌ಫ್ಲುಯೆನ್ಸ್ ಎಷ್ಟು ಕಮ್ಮಿ ಮಾಡಿದರೂ ಇದು ಹೋಗಲ್ಲ. `DEF-hand.L` ನೇರವಾಗಿ `DEF-forearm.L` ಮಗು ಆಗಿರಬೇಕು. ಟ್ವಿಸ್ಟ್ ಬೋನುಗಳೂ ಅದೇ ಮುಂಗೈಯ ಮಕ್ಕಳೇ, ಆದರೆ ಅವುಗಳ ಕೆಳಗೆ ಯಾವ ಬೋನೂ ಬೇಡ. ಮುಂಗೈ ಬೋನನ್ನೇ ಡೂಪ್ಲಿಕೇಟ್ ಮಾಡಿ ಚಿಕ್ಕದು ಮಾಡಿಕೊಂಡರೆ ರೋಲ್, ಅಂದರೆ ಬೋನ್ ತನ್ನ ಉದ್ದದ ಸುತ್ತ ತಿರುಗಿ ಕೂತಿರುವ ಕೋನ, ತಾನಾಗಿ ಒಂದೇ ಇರುತ್ತೆ. ಹೊಸದಾಗಿ ಎಳೆದ ಬೋನಿನ ರೋಲ್ ಬೇರೆ ಆಗಿ ಕೂತಿರುತ್ತೆ, ಅದು ಕಣ್ಣಿಗೆ ಕಾಣೋದು ತಡವಾಗಿ.

ಎರಡು ಟ್ವಿಸ್ಟ್ ಬೋನ್ ಹಾಕಿ. ಒಂದೇ ಸಾಕು ಅನ್ನುವವರಿಗೆ ಲೆಕ್ಕ ಹೇಳ್ತೀನಿ. ಎರಡು ಬೋನಿನ ವೇಟ್ ಅರ್ಧ-ಅರ್ಧ ಇರುವ, ಕೈ ಸುತ್ತಿನ ಮೆಶ್ ಉಂಗುರ, ಆ ಎರಡರ ನಡುವಿನ ಕೋನದ ಅರ್ಧಕ್ಕೆ ಕೊಸೈನ್ ತೆಗೆದರೆ ಬರುವಷ್ಟು ದಪ್ಪಕ್ಕೆ ಇಳಿಯುತ್ತೆ. ಟ್ವಿಸ್ಟ್ ಬೋನ್ ಇಲ್ಲದೆ ಹಸ್ತ 90 ಡಿಗ್ರಿ ತಿರುಗಿದರೆ ಮಣಿಕಟ್ಟು 71% ಆಗುತ್ತೆ, 120 ಕ್ಕೆ ಅರ್ಧ, 180 ಕ್ಕೆ ಸೊನ್ನೆ. ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ಕಾಣ್ತಿರೋದು ಅದೇ. ಎರಡು ಟ್ವಿಸ್ಟ್ ಬೋನಿಗೆ ಮೂರನೇ ಒಂದು, ಮೂರನೇ ಎರಡು ಪಾಲು ಕೊಟ್ಟರೆ ಅಕ್ಕಪಕ್ಕದ ಬೋನುಗಳ ನಡುವೆ 180 ರಲ್ಲೂ 60 ಡಿಗ್ರಿ ಮಾತ್ರ ಉಳಿಯುತ್ತೆ, ದಪ್ಪ 87%. 90 ಡಿಗ್ರಿಯಲ್ಲಿ 97%, ಅದು ಯಾರ ಕಣ್ಣಿಗೂ ಬೀಳಲ್ಲ. ಒಂದೇ ಬೋನ್ ಹಾಕಿದರೆ 180 ರಲ್ಲಿ ಮತ್ತೆ 71% ಗೇ ಬಂದು ನಿಲ್ತೀರಿ.

ಈಗ ಕಾಪಿ ರೊಟೇಷನ್ ವಿಷಯ. Y ಮಾತ್ರ ಟಿಕ್ ಮಾಡಿ ಲೋಕಲ್ ಸ್ಪೇಸ್ ಕೊಟ್ಟರೆ, ಹಸ್ತ ನೇರ ಇರುವಷ್ಟು ಹೊತ್ತು ಚೆನ್ನಾಗೇ ಇರುತ್ತೆ. ಚವರಿ ಬೀಸುವಾಗ ಹಾಗಿರಲ್ಲ, ಮಣಿಕಟ್ಟು ಮಡಚಿಕೊಂಡೇ ತಿರುಗುತ್ತೆ. ಆ ಮಡಚಿದ ಕೋನ ಆಯ್ಲರ್ Y ಒಳಗೆ ಸೋರಿ ಬರುತ್ತೆ, ಮುಂಗೈ ಸುಮ್ಮಸುಮ್ಮನೆ ಹೊರಳುತ್ತೆ. ನಾನು ಈಗ ಡ್ರೈವರ್ ಬಿಟ್ಟು ಬೇರೆ ಏನೂ ಬಳಸಲ್ಲ. ಟ್ವಿಸ್ಟ್ ಬೋನಿನ ರೊಟೇಷನ್ ಮೋಡ್ `XYZ Euler` ಮಾಡಿ, Y ರೊಟೇಷನ್ ಮೇಲೆ ಡ್ರೈವರ್ ಹಾಕಿ. ವೇರಿಯೇಬಲ್ `Transform Channel`, ಬೋನ್ `DEF-hand.L`, ಟೈಪ್ `Y Rotation`, ಮೋಡ್ `Swing and Y Twist`, ಸ್ಪೇಸ್ `Local Space`. ವೇರಿಯೇಬಲ್ ಹೆಸರು `var` ಅಂತಲೇ ಬಿಡಿ. ಮೊಣಕೈ ಕಡೆಯ ಬೋನಿಗೆ ಮೊದಲ ಸಾಲು, ಮಣಿಕಟ್ಟಿನ ಕಡೆಯದಕ್ಕೆ ಎರಡನೆಯದು:

```
var * 0.33
var * 0.66
```

ಆ ಮೋಡ್ ಮಡಚುವುದನ್ನ ಬೇರೆ, ತಿರುಚುವುದನ್ನ ಬೇರೆ ಮಾಡಿ ಕೊಡುತ್ತೆ. ಲೋಕಲ್ ಸ್ಪೇಸ್ ಕನ್‌ಸ್ಟ್ರೇಂಟ್ ಆದಮೇಲಿನ ಬೆಲೆ ಓದುವುದರಿಂದ, ಹಸ್ತ ಐಕೆ ಕಂಟ್ರೋಲಿನ ಹಿಂದೆ ಹೋಗ್ತಿದ್ದರೂ ಕೆಲಸ ಮಾಡುತ್ತೆ. ಡ್ರೈವರ್ ಓದಬೇಕಾದ್ದು ಡಿಫಾರ್ಮ್ ಹಸ್ತದಿಂದ, ಕಂಟ್ರೋಲ್ ಬೋನಿನಿಂದ ಅಲ್ಲ. ಐಕೆ ಕಂಟ್ರೋಲ್ ಮುಂಗೈಯ ಮಗು ಅಲ್ಲವಲ್ಲ, ಅದರ ಲೋಕಲ್ ಕೋನಕ್ಕೆ ಮುಂಗೈ ಎಲ್ಲಿದೆ ಅನ್ನೋದೇ ಗೊತ್ತಿರಲ್ಲ.

ಮೇಲಿನ ಉತ್ತರದಲ್ಲಿ ಸೋಮವಾರಪೇಟೆ ಅಣ್ಣ `Preserve Volume` ಟಿಕ್ ಮಾಡಿದರೆ ಮುಗೀತು ಅಂದಿದ್ದಾರೆ. ಅರ್ಧ ಸರಿ ಅಣ್ಣ. ಹಿಂಡುವುದು ನಿಲ್ಲುತ್ತೆ, ಆದರೆ ತಿರುಚಾಟ ಎಲ್ಲಾ ಆ ಮಣಿಕಟ್ಟಿನ ಎರಡು ಉಂಗುರದಲ್ಲೇ ಉಳಿಯುತ್ತೆ, ಮುಂಗೈ ಮರದ ತುಂಡಿನಂತೆ ಅಲ್ಲಾಡದೆ ನಿಂತಿರುತ್ತೆ. ಮೊಣಕೈ ಮಡಚಿದರೆ ಹೊರಗಡೆ ಊದುತ್ತೆ. ಮೇಲಾಗಿ ಅದು ಬ್ಲೆಂಡರಿನ ಮಾಡಿಫೈಯರ್ ಸೆಟ್ಟಿಂಗ್, ಎಫ್‌ಬಿಎಕ್ಸ್ ಜೊತೆ ಹೋಗಲ್ಲ. ಬ್ಲೆಂಡರಿನಲ್ಲೇ ರೆಂಡರ್ ಮಾಡುವವರು ಎರಡನ್ನೂ ಸೇರಿಸಿ ಬಳಸಬಹುದಾ ಅಂದರೆ, ನನಗೆ ಮೊಣಕೈಯ ಊತ ಇಷ್ಟ ಆಗಲ್ಲ. ಇಷ್ಟ ಆಗುವವರೂ ಇದ್ದಾರೆ, ಜಗಳ ಬೇಡ.

ವಿರಾಜಪೇಟೆ ಅಕ್ಕ, ನಿಮ್ಮ ಆನೆಯ ಮಂಡಿ ಮಡಚಿದಾಗ ಚಪ್ಪಟೆ ಆಗೋದು ಬೇರೆ ಕಥೆ. ಅದು ಬಾಗುವ ಕೀಲು, ತಿರುಚುವುದಲ್ಲ. ಟ್ವಿಸ್ಟ್ ಬೋನ್ ಎಷ್ಟು ಹಾಕಿದರೂ ಸರಿ ಹೋಗಲ್ಲ. ಕರೆಕ್ಟಿವ್ ಶೇಪ್ ಕೀ ನೋಡಿ.

ವೇಟ್ ಪೇಂಟಿಂಗಿಗೆ ಆಟೋಮ್ಯಾಟಿಕ್ ನಂಬಬೇಡಿ. ಮುಂಗೈ, ಟ್ವಿಸ್ಟ್ ಎಲ್ಲಾ ಒಂದೇ ಗೆರೆಯ ಮೇಲೆ ಕೂತಿರುವಾಗ ಅದು ಮನಸ್ಸಿಗೆ ಬಂದಂತೆ ಹಂಚುತ್ತೆ. ಮೊಣಕೈಯಲ್ಲಿ ಪೂರ್ತಿ `DEF-forearm.L`, ಅಲ್ಲಿಂದ ಮೊದಲ ಟ್ವಿಸ್ಟಿಗೆ, ಆಮೇಲೆ ಎರಡನೆಯದಕ್ಕೆ, ಮಣಿಕಟ್ಟಿನಲ್ಲಿ ಹಸ್ತಕ್ಕೆ ಇಳಿಜಾರಾಗಿ ಬಿಡಿ. ಯಾವ ಉಂಗುರದಲ್ಲೂ ಪಕ್ಕದ ಎರಡು ಬೋನ್ ಬಿಟ್ಟು ಮೂರನೆಯದು ಇರಬಾರದು. ಮೊಣಕೈಯಿಂದ ಮಣಿಕಟ್ಟಿಗೆ ಎಂಟು ಉಂಗುರವಾದರೂ ಇರಲಿ. ಪರೀಕ್ಷೆಗೆ ಹಸ್ತ ಹಿಡಿದು `R Y Y 90` ಒತ್ತಿ ಪಕ್ಕದಿಂದ ನೋಡಿ. ಮಣಿಕಟ್ಟಲ್ಲೇ ಹಿಂಡಿದರೆ ಹಸ್ತದ ವೇಟ್ ಮೊದಲ ಟ್ವಿಸ್ಟಿನ ತನಕ ಹತ್ತಿದೆ ಅಂತ ಅರ್ಥ. ಮೊಣಕೈಯ ಚರ್ಮ ಅಲ್ಲಾಡಿದರೆ ಮೊದಲ ಟ್ವಿಸ್ಟ್ ಹಿಂದಕ್ಕೆ ಸೋರಿದೆ. ಎಲ್ಲಾ ಉಲ್ಟಾ ತಿರುಗಿದರೆ ಮತ್ತೆ ರೋಲ್ ನೋಡಿ.

ಇನ್ನೊಂದು, ಇದನ್ನ ಯಾರೂ ಹೇಳಿಲ್ಲ. ನಿಮ್ಮ ಟಿ-ಪೋಸಿನಲ್ಲಿ ಅಂಗೈ ಕೆಳಗೆ ನೋಡ್ತಿದೆ, ಅಂದರೆ ಮುಂಗೈ ಒಂದು ತುದಿಗೆ ಹೊರಳಿಯೇ ಬೈಂಡ್ ಆಗಿದೆ. ಅಂಗೈ ಮೇಲೆ ಮಾಡುವಾಗ ಪೂರ್ತಿ 160–170 ಡಿಗ್ರಿ ಒಂದೇ ಕಡೆ ಹೋಗಬೇಕು, 180 ದಾಟಿದರೆ ಡ್ರೈವರ್ ಒಮ್ಮೆಲೇ ಉಲ್ಟಾ ಹಾರುತ್ತೆ. ಹೆಬ್ಬೆರಳು ಮೇಲೆ ಮಾಡಿ ಮಧ್ಯದ ಭಂಗಿಯಲ್ಲಿ ಬೈಂಡ್ ಮಾಡಿದರೆ ಎರಡೂ ಕಡೆ 80–85 ಅಷ್ಟೆ ಬರುತ್ತೆ, ಅರ್ಧ ತಲೆನೋವು ಅಲ್ಲೇ ಕಳೆಯುತ್ತೆ. ಮಾಡೆಲ್ ಮಾಡುವಾಗಲೇ ಯೋಚಿಸಬೇಕಾದ್ದು. ಆಮೇಲೆ ರಿಗ್ಗರ್ ತಲೆಗೆ ಕಟ್ಟಬೇಡಿ!

ರೆಡಿ ರಿಗ್ ಬೇಕಾದರೆ ರಿಗಿಫೈ ತಗೊಳ್ಳಿ, ಅದರ ತೋಳಿನಲ್ಲಿ `Limb Segments` ಇದೆ, ಮುಂಗೈ ಹೊರಳುವುದನ್ನ ಹಂಚುತ್ತೆ. ಮಿಕ್ಸಾಮೋ ಅಸ್ಥಿಪಂಜರದಲ್ಲಿ ಟ್ವಿಸ್ಟ್ ಬೋನೇ ಇಲ್ಲ, ಚವರಿ ಬೀಸುವ ಕೈಗೆ ನಾನಂತೂ ಅದನ್ನ ಹಾಕಲ್ಲ. ತೋಳಿನ ಮೇಲಿನ ಭಾಗಕ್ಕೆ ಇದೇ ಡ್ರೈವರ್ ಕಾಪಿ ಮಾಡಬೇಡಿ. ಅಲ್ಲಿ ಮೊಣಕೈ ಕಡೆ ಪೂರ್ತಿ ತಿರುಗಿ ಭುಜದ ಕಡೆ ನಿಲ್ಲಬೇಕು, ಲೆಕ್ಕ ತಿರುವು ಮುರುವು.

ಕೊನೆಗೆ ಬಟ್ಟೆ. ಕುಪ್ಯ ಅನ್ನೋ ಮೇಲಂಗಿಯ ತೋಳು ಅರ್ಧ, ಕೆಳಗೆ ಕಾಣೋದು ಒಳಗಿನ ಬಿಳಿ ಅಂಗಿಯ ಉದ್ದ ತೋಳು. ಅದಕ್ಕೂ ಕೈಯ ವೇಟನ್ನೇ ಡೇಟಾ ಟ್ರಾನ್ಸ್‌ಫರ್ ಮಾಡಿ, ಒಳಗಿನ ಚರ್ಮ ಅಳಿಸಿಬಿಡಿ, ಚುಚ್ಚಿ ಹೊರಬರೋದು ತಪ್ಪುತ್ತೆ. ಕಫ್ ಮಾತ್ರ ಎರಡನೇ ಟ್ವಿಸ್ಟಿಗೆ ಪೂರ್ತಿ ಕೊಡಿ, ಹಸ್ತಕ್ಕೆ ಬೇಡ. ಹಸ್ತ ಮಡಚಿದಾಗ ನಿಜವಾದ ಕಫ್ ಜೊತೆಗೆ ಮಡಚಲ್ಲ. ಗೇಮ್ ಎಂಜಿನ್‌ಗೆ ಕಳಿಸುವುದಾದರೆ ಡ್ರೈವರ್ ಹೋಗಲ್ಲ, ಆ್ಯನಿಮೇಷನ್ ಬೇಕ್ ಮಾಡಿಯೇ ಎಕ್ಸ್‌ಪೋರ್ಟ್ ಮಾಡಿ.