ಸೂಚ್ಯಂಕ ವಾಪಸ್ ಬಂತು, ನನ್ನ ದುಡ್ಡು ಯಾಕೆ ಬರಲಿಲ್ಲ?

ಪ್ರಶ್ನೆ: 2022ರ ಜನವರಿಯಲ್ಲಿ TQQQ ಅನ್ನೋ ಅಮೆರಿಕದ ಫಂಡ್ ತಗೊಂಡೆ. ಅಲ್ಲಿನ ಷೇರು ಸೂಚ್ಯಂಕ ನಾಸ್ಡಾಕ್-100 ಏರಿದ್ದರ ಮೂರು ಪಟ್ಟು ಸಿಗುತ್ತೆ ಅಂದಿದ್ರು. ಮೊದಲು ಬಿತ್ತು, 2023ರ ಕೊನೆಗೆ ಸೂಚ್ಯಂಕ ಹಳೇ ಮಟ್ಟಕ್ಕೆ ಬಂತು. ನನಗೆ ಮಾತ್ರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಷ್ಟ. ಮಾರಿಬಿಟ್ಟೆ. ಇದು ಮೋಸವಾ? ಅದರ ಬದಲು ಉಲ್ಟಾ ಓಡೋ SQQQ ತಗೋಬೇಕಿತ್ತಾ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಮೋಸ ಅಲ್ಲ ಸಾರ್. ನಿಮಗೆ ಹೇಳಿದವರು ಒಂದು ಪದ ನುಂಗಿದ್ದಾರೆ: 'ದಿನದ'. ಆ ಫಂಡ್ ಕೊಡುವುದು *ಒಂದು ದಿನದ* ಏರಿಳಿತದ ಮೂರು ಪಟ್ಟು. ಎರಡು ವರ್ಷದ ಮೂರು ಪಟ್ಟು ಅಂತ ಅದು ಎಲ್ಲೂ ಮಾತು ಕೊಟ್ಟಿಲ್ಲ.

ನೀವು ಮಂಡ್ಯದವರು, ಬೆಲ್ಲದ ಲೆಕ್ಕದಲ್ಲೇ ನೋಡೋಣ. ಒಬ್ಬ ವ್ಯಾಪಾರಿಯ ಕೈಯಲ್ಲಿ 1 ಲಕ್ಷ ಇದೆ. ಇನ್ನೆರಡು ಲಕ್ಷ ಸಾಲ ಮಾಡಿ 3 ಲಕ್ಷದ ಬೆಲ್ಲ ತುಂಬಿಸಿಕೊಂಡ. ಅವನಿಗೆ ಒಂದೇ ಕಟ್ಟುಪಾಡು. ದಿನಾ ಸಂಜೆ ಅಂಗಡಿ ಮುಚ್ಚುವಾಗ ದಾಸ್ತಾನು ಅವನ ಸ್ವಂತ ದುಡ್ಡಿನ ಸರಿಯಾಗಿ ಮೂರು ಪಟ್ಟು ಇರಬೇಕು.

ಮೊದಲ ದಿನ ಬೆಲೆ ಶೇ 10 ಬಿತ್ತು. ದಾಸ್ತಾನು 2.7 ಲಕ್ಷಕ್ಕೆ ಇಳಿಯಿತು. ಸಾಲ 2 ಲಕ್ಷ ಕಳೆದರೆ ಅವನದು 70 ಸಾವಿರ. ಅದರ ಮೂರು ಪಟ್ಟು 2.1 ಲಕ್ಷ ಅಲ್ವಾ? ಹಾಗಾಗಿ ಬಿದ್ದ ಬೆಲೆಗೇ 60 ಸಾವಿರದ ಬೆಲ್ಲ ಮಾರಿ ಸಾಲಕ್ಕೆ ಕಟ್ಟಿದ. ಈಗ ಸಾಲ 1.4 ಲಕ್ಷ.

ಮಾರನೇ ದಿನ ಬೆಲೆ ಪೂರ್ತಿ ಹಳೇ ಮಟ್ಟಕ್ಕೆ ಬಂತು. ಉಳಿದಿದ್ದ ಬೆಲ್ಲ 2,33,333 ರೂಪಾಯಿ ಆಯಿತು. ಸಾಲ ಕಳೆದು ಕೈಗೆ ಬಂದದ್ದು 93,333. ಕಾಣೆಯಾದ 6,667 ಎಲ್ಲಿ ಹೋಯಿತು? ನಿನ್ನೆ 60 ಸಾವಿರಕ್ಕೆ ಮಾರಿದ ಅದೇ ಬೆಲ್ಲಕ್ಕೆ ಇವತ್ತು 66,667. ಸರಿಯಾಗಿ ಅಷ್ಟೇ ದುಡ್ಡು! ಸುಮ್ನೆ ಕೂತಿದ್ದರೆ 1 ಲಕ್ಷ ಹಾಗೇ ಇರುತ್ತಿತ್ತು. ಬಿದ್ದಾಗ ಮಾರು, ಏರಿದಾಗ ಕೊಳ್ಳು ಅನ್ನುವ ಆ ಸಂಜೆಯ ಕಟ್ಟುಪಾಡೇ ತಿಂದದ್ದು. ಫಂಡ್‌ನವರು ಬೆಲ್ಲದ ಬದಲು, ಸೂಚ್ಯಂಕದ ಏರಿಳಿತಕ್ಕೆ ಕಟ್ಟಿದ ಸ್ವಾಪ್, ಫ್ಯೂಚರ್ಸ್ ಒಪ್ಪಂದಗಳಲ್ಲಿ ಇದನ್ನೇ ಪ್ರತಿ ಸಂಜೆ ಮಾಡುತ್ತಾರೆ.

ನಿಮ್ಮ ಎರಡು ವರ್ಷವನ್ನು ಇದರ ಪಕ್ಕದಲ್ಲಿ ಇಡಿ. ನಾಸ್ಡಾಕ್-100 2022ರಲ್ಲಿ ಸುಮಾರು ಶೇ 33 ಬಿತ್ತು, 2023ರಲ್ಲಿ ಸುಮಾರು ಶೇ 54 ಏರಿತು. 100 ಇದ್ದದ್ದು 67ಕ್ಕೆ ಇಳಿದು 103ಕ್ಕೆ ಬಂತು. TQQQ ಮೊದಲ ವರ್ಷ ಸುಮಾರು ಶೇ 79 ಕಳೆದುಕೊಂಡಿತು. 100 ಹೋಗಿ 21 ಆಯಿತು. ಮುಂದಿನ ವರ್ಷ ಅದು ಹೆಚ್ಚುಕಡಿಮೆ ಮೂರು ಪಟ್ಟಾಯಿತು, ಆದರೂ 63ರ ಹತ್ತಿರ ನಿಂತಿತು. ಇದರಲ್ಲಿ ಸಾಲದ ಬಡ್ಡಿಯ ಪಾಲೂ ಇದೆ. 2023ರಲ್ಲಿ ಅಮೆರಿಕದಲ್ಲಿ ಬಡ್ಡಿ ದರ ಶೇ 5 ದಾಟಿತ್ತು, ಈ ಫಂಡ್ ಹೊರುವುದು ತನ್ನ ಬಂಡವಾಳದ ಎರಡರಷ್ಟು ಸಾಲದ ಹೊರೆ. ಫಂಡ್‌ನ ನಿರ್ವಹಣಾ ಶುಲ್ಕ ಇದರ ಮುಂದೆ ಚಿಲ್ಲರೆ.

ಇನ್ನು SQQQ. ಅದು ಸೂಚ್ಯಂಕದ ದಿನದ ಏರಿಳಿತದ ಮೂರು ಪಟ್ಟನ್ನು ಉಲ್ಟಾ ಕೊಡುವ ಫಂಡ್. ಸೂಚ್ಯಂಕ ಬಿದ್ದ 2022ರಲ್ಲಿ ಅದು ಚೆನ್ನಾಗೇ ಏರಿತು, ನಿಜ. ಆದರೆ ನಿಮ್ಮ ಹಾಗೆ ಎರಡು ವರ್ಷ ಹಿಡಿದಿದ್ದರೆ ಅದರಲ್ಲೂ ಹೆಚ್ಚುಕಡಿಮೆ ಅರ್ಧ ದುಡ್ಡು ಹೋಗುತ್ತಿತ್ತು. ಏರಿಕೆಗೆ ಕಟ್ಟಿದವರೂ ಸೋತರು, ಇಳಿಕೆಗೆ ಕಟ್ಟಿದವರೂ ಸೋತರು. ಅದೇ ಬೆಲ್ಲವನ್ನು ಎರವಲು ತಂದು ಮೊದಲು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ವಾಪಸ್ ಕೊಡುವವನನ್ನು ನೆನೆಸಿಕೊಳ್ಳಿ. ಬಂಡವಾಳ 1 ಲಕ್ಷ, ಮೇಲಿರುವ ಬಾಕಿ 3 ಲಕ್ಷದ ಬೆಲ್ಲ. ಬೆಲೆ ಶೇ 10 ಬಿದ್ದರೆ 30 ಸಾವಿರ ಲಾಭ. ಬಂಡವಾಳ 1.3 ಲಕ್ಷ ಆಯಿತು, ಬಾಕಿ 2.7 ಲಕ್ಷಕ್ಕೆ ಇಳಿಯಿತು. ಕಟ್ಟುಪಾಡಿನ ಪ್ರಕಾರ ಬಾಕಿ 3.9 ಲಕ್ಷ ಇರಬೇಕು. ಇನ್ನೂ 1.2 ಲಕ್ಷದ ಬೆಲ್ಲ ಎರವಲು ತಂದು, ಬಿದ್ದ ಬೆಲೆಗೇ ಮಾರುತ್ತಾನೆ. ಮಾರನೇ ದಿನ ಬೆಲೆ ವಾಪಸ್ ಬಂದರೆ 43,333 ನಷ್ಟ, ಉಳಿಯುವುದು 86,667. ಮೊದಲಿನವನ ಎರಡರಷ್ಟು ಪೆಟ್ಟು.

ಹಾಗಂತ ಯಾವಾಗಲೂ ಸವೆಯುತ್ತದೆ ಅಂತಲ್ಲ. ಬೆಲೆ ಎರಡು ದಿನ ಸತತವಾಗಿ ಶೇ 10 ಏರಿದರೆ ಒಟ್ಟು ಏರಿಕೆ ಶೇ 21. ಮೂರು ಪಟ್ಟಿನ ಫಂಡ್ ಶೇ 63 ಅಲ್ಲ, ಶೇ 69 ಕೊಡುತ್ತದೆ. ಒಂದೇ ದಿಕ್ಕಿನ ಓಟದಲ್ಲಿ ಕಟ್ಟುಪಾಡು ಅನುಕೂಲ, ಓಲಾಟದಲ್ಲಿ ಅದೇ ಕಂಟಕ.

ಓಲಾಟ ಎಷ್ಟು ದೊಡ್ಡದು ಅನ್ನುವುದರ ಮೇಲೆ ಪೆಟ್ಟು ನಿಂತಿದೆ. ಸೂಚ್ಯಂಕ ಒಂದು ದಿನ ಶೇ 1 ಏರಿ, ಮಾರನೇ ದಿನ ಇದ್ದಲ್ಲಿಗೇ ಬರುತ್ತಾ ವರ್ಷವಿಡೀ ಅಲ್ಲೇ ಓಲಾಡಿತು ಅನ್ನಿ. ಸುಮಾರು 252 ವಹಿವಾಟಿನ ದಿನಗಳಲ್ಲಿ ಮೂರು ಪಟ್ಟಿನ ಫಂಡ್ ಶೇ 7ರಷ್ಟು ಸವೆಯುತ್ತದೆ. ಓಲಾಟ ಶೇ 2 ಆದರೆ ಸವೆತ ಶೇ 14 ಅಲ್ಲ, ಹತ್ತಿರ ಹತ್ತಿರ ಶೇ 26. ಮುಂದೆ ಇಂಥದ್ದಕ್ಕೆ ಕೈಹಾಕುವ ಮೊದಲು ಸೂಚ್ಯಂಕ ದಿನಕ್ಕೆ ಎಷ್ಟು ಅಲುಗುತ್ತಿದೆ ಅಂತ ಒಂದು ತಿಂಗಳ ಚಾರ್ಟ್ ನೋಡಿ. ಶೇ 2ರ ದಿನಗಳೇ ಜಾಸ್ತಿ ಕಂಡರೆ, ನಿಮ್ಮ ಅಂದಾಜು ಸರಿಯಾದರೂ ದುಡ್ಡು ಹೋಗಬಹುದು.